ಬಣ್ಣದ ಕಾಲಂ ಖಾಲಿ ಬಿಡು

ನೀನು ವಾಟ್ಸಾಪಿನಲ್ಲಿ ಕಳಿಸಿದ ಜಾಹೀರಾತಿನ ಕರಡು ಓದಿದೆ ಮಗಳೇ. 'ಬಿ.ಇ. ಓದಿ ಬೆಂಗಳೂರಿನ ಖಾಸಗಿ ಕಂಪನಿಯಲ್ಲಿ ಕೆಲಸದಲ್ಲಿರುವ, 29 ವರ್ಷ, 5 ಅಡಿ 8 ಅಂಗುಲ ಎತ್ತರದ, ಸ್ವಂತ ಮನೆಯುಳ್ಳ ವರನಿಗೆ ಬೆಳ್ಳಗಿನ, ತೆಳ್ಳಗಿನ, ಗುಣವಂತ ಪದವೀಧರ ವಧು ಬೇಕಾಗಿದೆ.' ತಪ್ಪಿದ್ದರೆ ತಿದ್ದಿ ಕಳಿಸಿ ದೊಡ್ಡಮ್ಮ ಅಂದಿದ್ದೀಯ. ಕಾಗುಣಿತ ಒಂದೂ ತಪ್ಪಿಲ್ಲ. ಆದರೆ ಆ 'ಬೆಳ್ಳಗಿನ' ಅನ್ನೋದನ್ನು ತೆಗೆದುಬಿಡು. ಫೋನಿನಲ್ಲಿ ಹೇಳಿದರೆ 'ಎಲ್ಲರೂ ಹಾಕ್ತಾರಲ್ಲ ದೊಡ್ಡಮ್ಮ' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿಕೊಂಡು ಓದು.

ಕರಡನ್ನು ಟೈಪ್ ಮಾಡಿಕೊಟ್ಟವಳು ನಿನ್ನ ಮಗಳು, ಅವಳಿಗೆ ಕನ್ನಡ ಟೈಪಿಂಗ್ ಬೇಗ ಬರುತ್ತೆ ಅಂತಲೂ ನೀನೇ ಹೇಳಿದೆ. ನನಗೆ ಮನಸ್ಸು ಕಲಕಿದ್ದು ಅಲ್ಲಿ. ಹತ್ತೊಂಬತ್ತರ ಹುಡುಗಿ. ಮನೆಯಲ್ಲಿ ಎಲ್ಲರಿಗಿಂತ ಕಪ್ಪು ಅಂತ ತೊಟ್ಟಿಲಲ್ಲಿದ್ದಾಗಿನಿಂದ ಕೇಳಿಸಿಕೊಂಡು ಬೆಳೆದವಳು. ಅವಳ ಕೈಯಲ್ಲೇ ಅಣ್ಣನಿಗೆ ಬೆಳ್ಳಗಿನ ಹುಡುಗಿ ಬೇಕು ಅಂತ ಬರೆಸಿದ್ದೀಯ. ನಾಲ್ಕೈದು ವರ್ಷ ಕಳೆದ ಮೇಲೆ ಬೇರೆ ಯಾರದೋ ಮನೆಯವರು ಇದೇ ಮಾತು ಬರೆದಾಗ, ಆ ಜಾಹೀರಾತು ತನಗಲ್ಲ ಅಂತ ಅವಳು ಪುಟ ಮಗುಚಬೇಕು. ಅಷ್ಟು ಅರ್ಥವಾಗದ ಹುಡುಗಿ ಅವಳಲ್ಲ. ನಿನಗೆ ಹೇಳಿಲ್ಲ ಅಷ್ಟೆ.

ನಮ್ಮ ಸಂಘದ ವಧು-ವರರ ಮಾಹಿತಿ ಕೇಂದ್ರದಲ್ಲಿ ನಾನು ವರ್ಷಗಟ್ಟಲೆ ಭಾನುವಾರದ ಬೆಳಿಗ್ಗೆ ಕೂತಿದ್ದೆನಲ್ಲ, ಅಲ್ಲಿ ಈ ಒಂದು ಮಾತು ಏನೇನು ಮಾಡುತ್ತೆ ಅಂತ ಹತ್ತಿರದಿಂದ ನೋಡಿದ್ದೇನೆ. ಗಂಡುಗಳದ್ದೊಂದು ರಿಜಿಸ್ಟರ್, ಹೆಣ್ಣುಗಳದ್ದೊಂದು. ಅರ್ಜಿಯಲ್ಲಿ ಹೆಸರು, ಜನ್ಮದಿನಾಂಕ, ನಕ್ಷತ್ರ, ರಾಶಿ, ಎತ್ತರ, ಬಣ್ಣ, ಓದು, ಕೆಲಸ, ಒಡಹುಟ್ಟಿದವರು. ಹುಡುಗನ ಕಡೆಯವರು ಬಣ್ಣದ ಕಾಲಮ್ಮಿನಲ್ಲಿ ಒಂದು ಗೆರೆ ಎಳೆದು ಮುಂದೆ ಹೋಗುತ್ತಿದ್ದರು. ಹುಡುಗಿಯ ಅಪ್ಪನ ಪೆನ್ನು ಅದುವರೆಗೆ ಸರಸರ ಓಡಿ ಅಲ್ಲಿಗೆ ಬಂದು ನಿಲ್ಲೋದು. ಹೆಂಡತಿಯ ಮುಖ ನೋಡೋರು. ಆಯಮ್ಮ ಮೆಲ್ಲಗೆ 'ಗೋಧಿ ಬಣ್ಣ ಅಂತ ಹಾಕ್ರೀ' ಅನ್ನೋರು. ಮಗಳು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಿದ್ದಳು.

ಎಲ್ಲರೂ ಒಂದೊಂದು ಮೆಟ್ಟಿಲು ಏರಿಸಿಯೇ ಬರೆಯುತ್ತಿದ್ದರು. ಕಪ್ಪಗಿದ್ದವಳು ಎಣ್ಣೆಗೆಂಪಾಗುತ್ತಿದ್ದಳು, ಎಣ್ಣೆಗೆಂಪಿನವಳು ಗೋಧಿ ಬಣ್ಣ, ಗೋಧಿ ಬಣ್ಣದವಳು ಬಿಳುಪು. ಗಂಡಿನ ಕಡೆಯವರಿಗೂ ಇದು ಗೊತ್ತಿದ್ದರಿಂದ ಅವರು ಒಂದು ಮೆಟ್ಟಿಲು ಇಳಿಸಿಯೇ ಓದುತ್ತಿದ್ದರು. ಹೀಗಾಗಿ ನಿಜ ಬರೆದ ಅಪ್ಪ-ಅಮ್ಮನ ಮಗಳಿಗೆ ದುಪ್ಪಟ್ಟು ನಷ್ಟ. ಆ ಕಾಲಂ ಯಾರಿಗೂ ಸರಿಯಾದ ಮಾಹಿತಿ ಕೊಡುತ್ತಿರಲಿಲ್ಲ. ಆದರೂ ರಿಜಿಸ್ಟರ್ ತೆರೆದವರ ಬೆರಳು ಮೊದಲು ಜಾರುತ್ತಿದ್ದದ್ದು ಅದರ ಮೇಲೇ. ಎಂ.ಎಸ್ಸಿ. ಮಾಡಿ ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿಯ ಪುಟವನ್ನು ಓದಿನ ಸಾಲಿನ ತನಕ ಯಾರೂ ಓದುತ್ತಲೇ ಇರಲಿಲ್ಲ.

ಮುಂದಿನದ್ದು ಹೆಣ್ಣು ನೋಡುವ ಶಾಸ್ತ್ರ. ಗಂಡಿನ ಮನೆಯವರು ಬರುತ್ತಾರೆ, ಉಪ್ಪಿಟ್ಟು-ಕೇಸರಿಬಾತ್ ತಿನ್ನುತ್ತಾರೆ, ಹುಡುಗಿ ಬಂದು ಕೂತ ಮೇಲೆ ಅತ್ತಿಗೆ-ನಾದಿನಿಯರು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ, ಹುಡುಗನ ಅಮ್ಮ 'ಊರಿಗೆ ಹೋಗಿ ತಿಳಿಸ್ತೀವಿ' ಅನ್ನುತ್ತಾರೆ. ವಾರ ಬಿಟ್ಟು ಬರುವ ಉತ್ತರ ಒಂದೇ: ಜಾತಕ ಕೂಡಲಿಲ್ಲ. ಜಾತಕ ಕೂಡಿದ ಮೇಲೇ ಅಲ್ಲವೇ ಅವರು ನೋಡಲು ಬಂದದ್ದು? ಇದು ಹುಡುಗಿಗೆ ತಿಳಿಯದ ಗುಟ್ಟೇನಲ್ಲ. ಎರಡು ಮನೆ, ಮೂರು ಮನೆ ಹೀಗೆ ಬಂದು ಹೋಗುವಷ್ಟರಲ್ಲಿ ಅವಳು ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗುತ್ತದೆ, ಇಲ್ಲವೇ ಪೂರ್ತಿ ನಿಂತುಹೋಗುತ್ತದೆ.

ಇದರ ಹಿಂದೆ ಹಣದ ಲೆಕ್ಕವೂ ಇದೆ, ಅದನ್ನು ನೀನು ತಿಳಿದಿರಬೇಕು. ಮದುವೆ ಮಾತುಕತೆಯ ನಡುವಿನ ಬ್ರೋಕರ್ 'ಹುಡುಗಿ ಬಣ್ಣ ಸ್ವಲ್ಪ ಕಡಿಮೆ, ಆದರೆ ಅವರು ಚೆನ್ನಾಗಿ ನೋಡ್ಕೋತಾರೆ ಬಿಡಿ' ಅಂದರೆ ಅದರ ಅರ್ಥ ಚಿನ್ನ, ಸೈಟು, ಕಾರು. ವರದಕ್ಷಿಣೆ ಕೇಳುವುದೂ ಕೊಡುವುದೂ 1961ರಿಂದ ಅಪರಾಧ. ಅದಕ್ಕೇ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಬಣ್ಣದ ಹೆಸರಿನಲ್ಲಿ ಕೇಳುತ್ತಾರೆ. ಸೊಸೆಯ ಬಣ್ಣವನ್ನು ಕೊರತೆ ಅಂತ ಒಮ್ಮೆ ಒಪ್ಪಿಸಿಬಿಟ್ಟರೆ ಆ ಕೊರತೆ ತುಂಬಿಕೊಡುವ ಹೊಣೆ ಅವಳ ಅಪ್ಪನದ್ದಾಗುತ್ತದೆ, ಮದುವೆಯ ದಿನಕ್ಕೂ ಅದು ಮುಗಿಯುವುದಿಲ್ಲ. ನೀನು ಅಂಥವಳಲ್ಲ, ನನಗೆ ಗೊತ್ತು. ಆದರೆ ನಿನ್ನ ಜಾಹೀರಾತಿನ ಆ ಒಂದು ಪದ ಈ ಪೇಟೆಯ ಭಾಷೆಯಿಂದ ಬಂದದ್ದು. ಅದನ್ನು ಓದಿದ ಬ್ರೋಕರ್ ನಿನ್ನನ್ನೂ ಆ ಸಾಲಿಗೇ ಸೇರಿಸಿಕೊಳ್ಳುತ್ತಾನೆ.

ನಮ್ಮ ಕೇಂದ್ರದಲ್ಲಿ ಆ ಕಾಲಂ ತೆಗೆಸಲು ಎಷ್ಟು ಜಗಳವಾಯಿತು ಅಂತಿ! ಸಮಿತಿಯ ಹಿರಿಯರೊಬ್ಬರು 'ಬಂದು ನೋಡಿ ಬೇಡ ಅನ್ನೋದಕ್ಕಿಂತ ಮೊದಲೇ ತಿಳಿಸಿಬಿಡೋದು ಹುಡುಗಿಗೇ ಒಳ್ಳೇದಲ್ವಾ' ಅಂತ ಕೇಳಿದರು. ಆ ಪ್ರಶ್ನೆ ಹಗುರವಾದದ್ದಲ್ಲ, ಅವಮಾನ ತಪ್ಪಿಸಬೇಕು ಅನ್ನುವ ಕಾಳಜಿ ಅದರಲ್ಲಿತ್ತು. ನಾನು ರಿಜಿಸ್ಟರ್ ತೆರೆದು ಫೋಟೊ ಮತ್ತು ಬಣ್ಣದ ಕಾಲಂ ಎರಡನ್ನೂ ಅಕ್ಕಪಕ್ಕ ತೋರಿಸಿದೆ. ಒಂದಕ್ಕೊಂದು ಸಂಬಂಧವಿರಲಿಲ್ಲ. ಹೇಗಿದ್ದರೂ ಫೋಟೊ ಇದೆ, ನೋಡುವವರು ನೋಡಲಿ, ಸುಳ್ಳು ಬರೆಸುವ ಕಾಲಂ ಯಾಕೆ ಅಂದೆ. ಕೊನೆಗೆ ಹೊಸ ಅರ್ಜಿ ಅಚ್ಚಾದಾಗ ಬಣ್ಣ ಹೋಯಿತು. ಅದರಿಂದ ಎಲ್ಲ ಸರಿಹೋಯಿತು ಅಂತ ಹೇಳಿದರೆ ಸುಳ್ಳಾದೀತು. ಫೋಟೊ ನೋಡಿ ಪುಟ ಮಗುಚುವವರು ಮಗುಚುತ್ತಲೇ ಇದ್ದರು. ಆದರೆ ಆ ಅಪ್ಪಂದಿರ ಪೆನ್ನು ನಿಲ್ಲುವುದು ತಪ್ಪಿತು, ಮಗಳ ಎದುರಿಗೆ ಅವಳ ಚರ್ಮಕ್ಕೆ ದರ್ಜೆ ಕೊಡುವ ಕೆಲಸ ತಪ್ಪಿತು. ಬೆರಳು ಓಡಿಸಲು ಬಣ್ಣವಿಲ್ಲದ್ದರಿಂದ ಕೆಲವರಾದರೂ ಓದು, ಕೆಲಸದ ಸಾಲಿಗೆ ಬಂದರು.

ದೊಡ್ಡ ದೊಡ್ಡವರೂ ಈ ದಾರಿಗೆ ಬಂದಿದ್ದಾರೆ. ಶಾದಿ ಡಾಟ್ ಕಾಮ್ ಜಾಲತಾಣದಲ್ಲಿ ಮೈಬಣ್ಣ ಆರಿಸಿ ಹುಡುಕುವ ಸೌಲಭ್ಯವಿತ್ತು. ಹೊರದೇಶದಲ್ಲಿರುವ ನಮ್ಮ ಹೆಣ್ಣುಮಕ್ಕಳೇ ಪ್ರಶ್ನೆ ಎತ್ತಿ, ಸಹಿ ಸಂಗ್ರಹಿಸಿದ ಮೇಲೆ 2020ರ ಜೂನ್‌ನಲ್ಲಿ ಅದನ್ನು ತೆಗೆದರು. 1975ರಿಂದ ಮಾರುಕಟ್ಟೆಯಲ್ಲಿದ್ದ ಫೇರ್ ಅಂಡ್ ಲವ್ಲಿ ಅದೇ ವರ್ಷ ಹೆಸರು ಬದಲಿಸಿಕೊಂಡು ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾದ ಮಾತ್ರಕ್ಕೆ ಟ್ಯೂಬಿನೊಳಗಿನ ಆಸೆ ಬದಲಾಗುವುದಿಲ್ಲ, ನಿಜ. ಆದರೆ ಬೆಳ್ಳಗಿರಬೇಕು ಅಂತ ಬಹಿರಂಗವಾಗಿ ಅಚ್ಚು ಹಾಕಿಸಲು ಕಂಪನಿಗಳೇ ಹಿಂಜರಿಯುತ್ತಿರುವಾಗ, ಓದಿದ ಮನೆಯವಳು ನೀನು ಹಾಕಿಸುವುದು ಬೇಡ.

ಈಗ ನಿನ್ನ ಜಾಹೀರಾತನ್ನೇ ನೋಡೋಣ. ಪತ್ರಿಕೆಯವರು ಪದಕ್ಕೋ ಸಾಲಿಗೋ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಾರೆ. ಅಷ್ಟು ಕೊಟ್ಟು ಹಾಕಿಸಿದ ಪದ ನಿನಗೆ ಬೇಕಾದವರನ್ನು ಹುಡುಕಿ ಕೊಡಬೇಕು. ಬೆಳ್ಳಗಿನ, ತೆಳ್ಳಗಿನ, ಗುಣವಂತ ಅಂತ ಬರೆದದ್ದರಿಂದ ಯಾರು ಏನು ತಿಳಿದುಕೊಂಡಾರು? ನಿನ್ನ ಮಗ ಹೇಗಿದ್ದಾನೆ, ಎಂಥ ಬಾಳು ಬಾಳಬೇಕು ಅಂತಿದ್ದಾನೆ ಅನ್ನುವುದು ಅದರಲ್ಲಿ ಎಲ್ಲಿಯೂ ಇಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ:

'ಬಿ.ಇ., ಬೆಂಗಳೂರಿನಲ್ಲಿ ಖಾಸಗಿ ಕೆಲಸ, 29 ವರ್ಷ, 5 ಅಡಿ 8 ಅಂಗುಲ, ಸ್ವಂತ ಮನೆ. ತಂದೆ-ತಾಯಿ ಹಾಸನದಲ್ಲಿ ವಾಸ. ಓದು, ಚಾರಣದಲ್ಲಿ ಆಸಕ್ತಿ. ಮದುವೆಯ ನಂತರವೂ ಕೆಲಸ ಮುಂದುವರಿಸಲು ಇಷ್ಟವಿರುವ ಪದವೀಧರ ವಧುವಿನ ಮನೆಯವರು ಸಂಪರ್ಕಿಸಿ. ವರದಕ್ಷಿಣೆ ಬೇಡ.'

ನೀನು ಬರೆದದ್ದಕ್ಕಿಂತ ಕೆಲವು ಪದ ಹೆಚ್ಚಾಗಬಹುದು, ಆಗಲಿ. ಅತ್ತೆ-ಮಾವ ಜೊತೆಗಿರುತ್ತಾರಾ, ಕೆಲಸ ಬಿಡಿಸುತ್ತಾರಾ, ಎಷ್ಟು ಕೇಳುತ್ತಾರೆ ಅನ್ನುವ ಮೂರು ಪ್ರಶ್ನೆಗಳೇ ಹೆಣ್ಣಿನ ಮನೆಯವರ ತಲೆಯಲ್ಲಿ ಮೊದಲು ಬರುವುದು. ಮೂರಕ್ಕೂ ಇಲ್ಲಿ ಉತ್ತರವಿದೆ. ನಿನಗೆ ಬರುವ ಫೋನುಗಳು ಕಡಿಮೆಯಾಗಬಹುದು, ಬಂದವು ಮಾತ್ರ ಮಾತಾಡಲು ತಕ್ಕವಾಗಿರುತ್ತವೆ.

ಫೋನ್ ಬಂದಾಗ ಹುಡುಗಿ ಬಣ್ಣ ಹೇಗೆ ಅಂತ ನೀನು ಕೇಳುವುದಿಲ್ಲ ಅಂತಿಟ್ಟುಕೊಳ್ಳೋಣ. ಅವರೇ ಹೇಳಿಬಿಡುತ್ತಾರೆ. 'ನಮ್ಮ ಹುಡುಗಿ ಸ್ವಲ್ಪ ಬಣ್ಣ ಕಡಿಮೆ ಕಣ್ರೀ, ಮೊದಲೇ ಹೇಳಿಬಿಡ್ತೀನಿ' ಅನ್ನುವ ತಾಯಿಯ ಧ್ವನಿ ನಾನು ಎಷ್ಟೋ ಸಲ ಕೇಳಿದ್ದೇನೆ. ಏನೋ ತಪ್ಪು ಮಾಡಿದವರ ಹಾಗೆ ಅವಸರ ಅವಸರವಾಗಿ ಹೇಳುತ್ತಾರೆ. ಆಗ ನೀನು 'ಪರವಾಗಿಲ್ಲ ಬಿಡಿ' ಅನ್ನಬೇಡ, ಅದರಲ್ಲಿ ಉಪಕಾರ ಮಾಡಿದ ಭಾವ ಇರುತ್ತೆ. 'ಅದನ್ನು ನಾವು ನೋಡ್ತಿಲ್ಲಮ್ಮ, ಅವಳು ಏನು ಕೆಲಸ ಮಾಡ್ತಾಳೆ ಹೇಳಿ' ಅಂತ ಮಾತು ಮುಂದುವರಿಸು. ಆಯಮ್ಮ ಉಸಿರು ಬಿಡುವುದು ನಿನಗೆ ಫೋನಿನಲ್ಲೇ ಕೇಳಿಸುತ್ತದೆ.

ಫೋಟೊ ವಿಷಯ. ನಿನ್ನ ಮಗನೂ ಎಣ್ಣೆಗೆಂಪಿನವನೇ, ಅದು ಜಾಹೀರಾತಿನಲ್ಲಿ ಬಂದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಸ್ಟುಡಿಯೋದವನು ಅವನ ಮುಖವನ್ನೂ ಬೆಳ್ಳಗೆ ಮಾಡಿಕೊಟ್ಟಿದ್ದಾನೆ. ಅದನ್ನು ಕಳಿಸಬೇಡ. ಈಗಿನ ಫೋನುಗಳಲ್ಲಿ ಮುಖ ತೆಗೆಯುವಾಗ ತಾನಾಗಿಯೇ ಬಣ್ಣ ತಿಳಿ ಮಾಡುವ ವ್ಯವಸ್ಥೆ ಇರುತ್ತದೆ, ಸೆಟ್ಟಿಂಗ್ಸಿಗೆ ಹೋಗಿ ಅದನ್ನು ಆಫ್ ಮಾಡಿಸು. ಇನ್ನೊಂದು ಸಂಗತಿ ಬಹಳ ಜನಕ್ಕೆ ತಿಳಿಯದು. ಸುಣ್ಣ ಬಳಿದ ಬಿಳಿ ಗೋಡೆಯ ಮುಂದೆ ನಿಲ್ಲಿಸಿ ತೆಗೆದರೆ ಕ್ಯಾಮೆರಾ ಆ ಬೆಳಕಿಗೆ ಹೊಂದಿಕೊಂಡು ಮುಖವನ್ನು ಇದ್ದದ್ದಕ್ಕಿಂತ ಕಪ್ಪು ಮಾಡಿ ತೋರಿಸುತ್ತದೆ. ಫ್ಲ್ಯಾಷ್ ಹಾಕಿದರೆ ಹಣೆ, ಮೂಗು ಮಾತ್ರ ಹೊಳೆಯುತ್ತವೆ. ಹಸಿರು ಗಿಡಗಳೋ ಮರದ ಬಾಗಿಲೋ ಹಿಂದಿರಲಿ, ಬೆಳಗಿನ ಹೊತ್ತು ನೆರಳಿನಲ್ಲಿ, ಆಕಾಶದ ಬೆಳಕು ಮುಖದ ಮೇಲೆ ಬೀಳುವ ಹಾಗೆ ನಿಲ್ಲಿಸಿ ತೆಗೆ. ಕಪ್ಪು ಚರ್ಮ ಎಷ್ಟು ಚೆಲುವು ಅನ್ನುವುದು ಆ ಬೆಳಕಿನಲ್ಲಿ ಕಾಣುತ್ತದೆ. ನಿನ್ನ ಮಗಳ ಫೋಟೊಗೂ ಇದೇ ಮಾತು.

ಅವಳ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ನನಗೆ ಹೆಚ್ಚು ಚಿಂತೆ ಅದರದ್ದು. ಹೋದ ಹಬ್ಬಕ್ಕೆ ಬಂದಾಗ ಅವಳ ಕೆನ್ನೆ ಎರಡೂ ಕೆಂಪಗಿದ್ದವು. ಬಿಸಿಲಿಗೆ ಹೋದರೆ ಉರಿ ಅಂತ ಪದೇಪದೇ ಮುಖ ತೊಳೆಯುತ್ತಿದ್ದಳು. ಮೇಲ್ದುಟಿಯ ಹತ್ತಿರ, ಕೆನ್ನೆಯ ಪಕ್ಕ ಮೊದಲಿಲ್ಲದ ನವಿರು ಕೂದಲು. ಏನು ಹಚ್ತೀಯಮ್ಮ ಅಂದರೆ 'ಮೆಡಿಕಲ್ ಸ್ಟೋರಿನವರು ಕೊಟ್ಟ ಕ್ರೀಮ್, ಎಲ್ಲರೂ ಹಚ್ತಾರೆ ದೊಡ್ಡಜ್ಜಿ' ಅಂದಳು. ಆ ಟ್ಯೂಬನ್ನು ತೆಗೆದು ಹಿಂದಿನ ಸಣ್ಣ ಅಕ್ಷರ ಓದು. ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೋಬೆಟಸಾಲ್, ಫ್ಲುಸಿನೊಲೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಅದು ಸ್ಟಿರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್ ಇದ್ದರೆ ಅದು ಭಂಗಿನಂಥ ಕಪ್ಪು ಕಲೆಗೆ ಚರ್ಮವೈದ್ಯರು ಕೆಲವು ವಾರಗಳ ಮಟ್ಟಿಗೆ, ತಮ್ಮ ಕಣ್ಗಾವಲಿನಲ್ಲಿ ಕೊಡುವ ಔಷಧಿ. ದಿನಾ ಹಚ್ಚುವ ಸ್ನೋ-ಪೌಡರ್ ಅಲ್ಲ.

ಇದರ ಮೋಸ ಇರುವುದು ಮೊದಲ ಕೆಲವು ವಾರಗಳಲ್ಲಿ. ಸ್ಟಿರಾಯ್ಡ್ ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಮೊಡವೆಯ ಉರಿಯೂತ ಇಳಿಸುತ್ತದೆ. ಮುಖ ತಿಳಿಯಾಗಿ, ನುಣುಪಾಗಿ ಕಾಣುತ್ತದೆ. ಮನೆಯವರು 'ಈಗ ಸ್ವಲ್ಪ ಬಣ್ಣ ಬಂದಿದೆ' ಅನ್ನುತ್ತಾರೆ. ಆ ಹೊಗಳಿಕೆಯೇ ಅವಳು ಕ್ರೀಮ್ ಬಿಡದಂತೆ ಮಾಡುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗುತ್ತದೆ, ಕೆಂಪು ನಾಳಗಳು ಎದ್ದು ಕಾಣುತ್ತವೆ, ಬಿಸಿಲು ತಾಗಿದರೆ ಉರಿ, ಹೊಸ ಮೊಡವೆ, ಕೂದಲು. ಗಾಬರಿಯಾಗಿ ಬಿಟ್ಟರೆ ನಾಲ್ಕು ದಿನದಲ್ಲಿ ಮುಖವೆಲ್ಲ ಕೆಂಡದ ಹಾಗಾಗುತ್ತದೆ, ಹೆದರಿ ಮತ್ತೆ ಹಚ್ಚುತ್ತಾರೆ. ಹೀಗೆ ಸ್ಟಿರಾಯ್ಡಿನಿಂದ ಹಾಳಾದ ಮುಖಗಳನ್ನು ನಮ್ಮ ದೇಶದ ಚರ್ಮವೈದ್ಯರು ಎಷ್ಟು ನೋಡಿದ್ದಾರೆಂದರೆ, ಅದನ್ನು ಒಂದು ಪ್ರತ್ಯೇಕ ತೊಂದರೆಯೆಂದೇ ಹೆಸರಿಟ್ಟು ಬರೆದಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಚೀಟಿಯಿಲ್ಲದೆ ಕೊಡುವ ಹಾಗಿಲ್ಲ. ಕೊಡುತ್ತಾರೆ ಅನ್ನುವುದು ಬೇರೆ ಮಾತು.

ಅವಳು ಹಚ್ಚುತ್ತಿರುವುದು ಅದೇ ಆಗಿದ್ದರೆ ಬೈದು ಟ್ಯೂಬನ್ನು ಕಸಕ್ಕೆ ಎಸೆಯಬೇಡ. ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋಗು. ಹೇಗೆ ನಿಲ್ಲಿಸಬೇಕು ಅಂತ ಅವರು ಹೇಳುತ್ತಾರೆ. ಮುಖ ಮೊದಲಿನ ಹಾಗಾಗಲು ತಿಂಗಳುಗಳೇ ಹಿಡಿಯಬಹುದು. ಆ ತಿಂಗಳುಗಳಲ್ಲಿ ಮನೆಯಲ್ಲಿ ಯಾರೂ 'ಮತ್ತೆ ಕಪ್ಪಾದೆ' ಅನ್ನದ ಹಾಗೆ ನೋಡಿಕೊಳ್ಳುವುದೇ ನಿನ್ನ ಕೆಲಸ. ಇನ್ನು ತಯಾರಕರ ವಿಳಾಸ, ಬ್ಯಾಚ್ ನಂಬರು, ಏನೇನು ಸೇರಿದೆ ಅನ್ನುವ ಪಟ್ಟಿ ಯಾವುದೂ ಇಲ್ಲದ, ಆನ್‌ಲೈನಿನಲ್ಲೋ ಬ್ಯೂಟಿ ಪಾರ್ಲರಿನಲ್ಲೋ ಸಿಗುವ ಡಬ್ಬಿಯಾದರೆ ಅದು ಇನ್ನೂ ಅಪಾಯ, ಅದರಲ್ಲಿ ಪಾದರಸ ಇರಬಹುದು. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಿಡ್ನಿ ವೈದ್ಯರು ಕೆಲ ವರ್ಷಗಳ ಹಿಂದೆ ಒಂದೇ ಬಗೆಯ ಕಾಯಿಲೆಯವರು ಒಬ್ಬರ ಹಿಂದೆ ಒಬ್ಬರು ಬರುವುದನ್ನು ಗಮನಿಸಿದರು. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವ ಕಾಯಿಲೆ. ವಿಚಾರಿಸಿದರೆ ಅವರಲ್ಲಿ ಬಹಳ ಜನ ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಿದ್ದವರು, ಕ್ರೀಮಿನಲ್ಲಿ ಪಾದರಸ. ಹಚ್ಚುವುದು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಕಾಲು ಊದುವುದು, ಮೂತ್ರ ನೊರೆನೊರೆಯಾಗಿ ಹೋಗುವುದು ಇದ್ದರೆ ತಡಮಾಡದೆ ಮೂತ್ರ ಪರೀಕ್ಷೆ ಮಾಡಿಸಬೇಕು. ಅವಳನ್ನು ಇದನ್ನೂ ಕೇಳು.

ಒಂದೇ ಹೊಟ್ಟೆಯ ಮಕ್ಕಳಲ್ಲಿ ಇವಳೊಬ್ಬಳು ಯಾಕೆ ಹೀಗೆ ಅಂತ ನಿನ್ನ ಅತ್ತೆ ಇವತ್ತಿಗೂ ಕೇಳುತ್ತಾರಲ್ಲ. ನೀನು ಬಸುರಿಯಾಗಿದ್ದಾಗ ಕೇಸರಿ ಹಾಲು ಕುಡಿಯಲಿಲ್ಲ ಅಂತ ಅವರ ದೂರು. ಕೇಸರಿಗೂ ಮಗುವಿನ ಬಣ್ಣಕ್ಕೂ ಸಂಬಂಧವೇ ಇಲ್ಲ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಅವು ತಯಾರಿಸುವ ಮೆಲನಿನ್ ಎಷ್ಟು, ಯಾವ ಬಗೆಯದ್ದು, ಅದು ಹೇಗೆ ಹರಡಿಕೊಳ್ಳುತ್ತದೆ ಅನ್ನುವುದರಲ್ಲಿ ವ್ಯತ್ಯಾಸ. ಅದನ್ನು ನಿರ್ಧರಿಸುವ ಜೀನುಗಳು ಹಲವು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಪ್ರತಿ ಮಗುವಿಗೂ ಬೇರೆ ಬೇರೆ ಜೋಡಣೆಯಲ್ಲಿ ಬರುತ್ತವೆ. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಳಿಬಣ್ಣಕ್ಕೆ ಕಾರಣವಾಗುವ ಒಂದು ಜೀನಿನ ರೂಪ ನಮ್ಮ ದೇಶದ ಉದ್ದಗಲಕ್ಕೂ ಬೇರೆ ಬೇರೆ ಪ್ರಮಾಣದಲ್ಲಿ ಹರಡಿರುವುದು ಕಂಡಿದೆ. ಇಂಥ ನಾಡಿನಲ್ಲಿ ಒಂದೇ ಮನೆಯಲ್ಲಿ ಮೂರು ಬಣ್ಣದ ಮಕ್ಕಳು ಹುಟ್ಟುವುದು ತೀರ ಸಹಜ. ಬಣ್ಣ ನೋಡಿ ಇಂಥ ಜಾತಿ, ಇಂಥ ಮನೆತನ ಅಂತ ಊಹಿಸುವ ಕೆಟ್ಟ ಚಟವೂ ನಮ್ಮಲ್ಲಿದೆ, ಅದಕ್ಕೂ ಇದು ಉತ್ತರ. ಹುಟ್ಟಿದ ಕೂಸಿನ ಕಿವಿಯ ಅಂಚು, ಉಗುರಿನ ಬುಡ ನೋಡಿ ಭವಿಷ್ಯ ಹೇಳುವ ಅಜ್ಜಿಯರು ಇರುವ ಊರು ನಮ್ಮದು. ಹುಟ್ಟಿದಾಗ ಕೂಸಿನ ಚರ್ಮ ತೆಳು, ರಕ್ತದ ಕೆಂಪು ಕಾಣುತ್ತದೆ, ನಿಜವಾದ ಬಣ್ಣ ನಿಲ್ಲಲು ತಿಂಗಳುಗಳು ಬೇಕು. ಕೂಸು ಕಪ್ಪಾಗುತ್ತಾ ಹೋಗುತ್ತಿದೆ ಅಂತ ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಅಳಿಸುವುದು ಆ ಎಳೆ ಚರ್ಮಕ್ಕೆ ಹಿಂಸೆ.

ಮನೆಯ ಮಾತುಗಳಲ್ಲಿ ಅರ್ಧಕ್ಕರ್ಧ ಪ್ರೀತಿಯಿಂದ ಬಂದವೇ. ಬಿಸಿಲಿಗೆ ಹೋಗಬೇಡ, ಕಪ್ಪಾಗ್ತೀಯ. ಆ ಹಳದಿ ನಿನಗೆ ಒಪ್ಪಲ್ಲ, ತಿಳಿ ಬಣ್ಣ ತಗೋ. ಕಪ್ಪಗಿದ್ದರೇನು, ಲಕ್ಷಣವಾಗಿದ್ದಾಳೆ. ಕೃಷ್ಣನೂ ಕಪ್ಪಲ್ವಾ. ಸಮಾಧಾನ ಮಾಡುವವರು ಮೊದಲು ಅದನ್ನು ಕೊರತೆ ಅಂತ ಒಪ್ಪಿಕೊಂಡೇ ಮಾತು ಶುರುಮಾಡುತ್ತಾರೆ, ಮಗುವಿಗೆ ಉಳಿಯುವುದು ಆ ಮೊದಲ ಭಾಗ. ನಿನ್ನ ಮಗಳು ಒಂಬತ್ತನೇ ಕ್ಲಾಸಿನಲ್ಲಿ ಖೋಖೋ ತಂಡದಲ್ಲಿದ್ದಳು, ತಾಲ್ಲೂಕು ಮಟ್ಟಕ್ಕೂ ಹೋಗಿದ್ದಳು. ಹತ್ತನೇ ಕ್ಲಾಸಿಗೆ ಬಿಟ್ಟಳು. ಓದಿನ ಹೊರೆ ಅಂತ ನೀವೆಲ್ಲ ಅಂದುಕೊಂಡಿರಿ. ಅಭ್ಯಾಸ ಮಧ್ಯಾಹ್ನ ಮೂರು ಗಂಟೆಯ ಬಿಸಿಲಿನಲ್ಲಿ, ಮನೆಗೆ ಬಂದಾಗ ದಿನಾ ಅಜ್ಜಿ ಮುಖ ನೋಡಿ ಅನ್ನುತ್ತಿದ್ದದ್ದು ಅವಳಿಗೆ ಸಾಕಾಗಿತ್ತು ಅಂತ ನನ್ನ ಹತ್ತಿರ ಹೇಳಿದ್ದಾಳೆ.

ದೊಡ್ಡ ಹುದ್ದೆಗೇರಿದರೆ ಇದು ನಿಲ್ಲುತ್ತದೆ ಅಂತಲೂ ತಿಳಿಯಬೇಡ. 2025ರಲ್ಲಿ ಕೇರಳದ ಮುಖ್ಯ ಕಾರ್ಯದರ್ಶಿಯಾಗಿದ್ದ ಶಾರದಾ ಮುರಳೀಧರನ್ ಅವರ ಆಡಳಿತವನ್ನು ಅವರಿಗಿಂತ ಹಿಂದೆ ಅದೇ ಹುದ್ದೆಯಲ್ಲಿದ್ದ ಅವರ ಗಂಡನ ಜೊತೆ ಹೋಲಿಸುತ್ತಾ ಯಾರೋ ಕಪ್ಪು-ಬಿಳುಪಿನ ಮಾತಾಡಿದರಂತೆ. ಆಕೆ ಅದನ್ನು ನುಂಗಿಕೊಳ್ಳದೆ ಫೇಸ್‌ಬುಕ್‌ನಲ್ಲಿ ಬರೆದರು. ನಾಲ್ಕು ವರ್ಷದವಳಿದ್ದಾಗ ತಾಯಿಯನ್ನು, ನನ್ನನ್ನು ಮತ್ತೆ ಹೊಟ್ಟೆಯೊಳಗೆ ಹಾಕಿಕೊಂಡು ಬೆಳ್ಳಗೆ ಮಾಡಿ ಹೊರಗೆ ತರ್ತೀಯಾ ಅಂತ ಕೇಳಿದ್ದನ್ನೂ ಬರೆದಿದ್ದಾರೆ. ಒಂದು ರಾಜ್ಯದ ಅಧಿಕಾರಿಗಳಿಗೆಲ್ಲ ಮೇಲಿನವರಾಗಿದ್ದ ಹೆಂಗಸಿಗೆ ನಾಲ್ಕರ ವಯಸ್ಸಿನ ಆ ಮಾತು ಇನ್ನೂ ನೆನಪಿತ್ತು. ಗಂಡಸರಿಗೂ ಇದು ತಾಗದೆ ಬಿಡುವುದಿಲ್ಲ. ಹೆಂಡತಿ ಕಪ್ಪು ಅಂತ ಸದಾ ಹೀಯಾಳಿಸುತ್ತಿದ್ದಳು ಅಂತ ಬೆಂಗಳೂರಿನ ಗಂಡನೊಬ್ಬ ಹೂಡಿದ್ದ ಕೇಸಿನಲ್ಲಿ ನಮ್ಮ ಹೈಕೋರ್ಟು 2023ರಲ್ಲಿ ಅದನ್ನು ಕ್ರೌರ್ಯವೆಂದು ಪರಿಗಣಿಸಿ ವಿಚ್ಛೇದನ ಕೊಟ್ಟಿತು. ಮೈಬಣ್ಣ ಹಿಡಿದು ಆಡುವ ಮಾತು ತಮಾಷೆಯಲ್ಲ ಅಂತ ಕೋರ್ಟೇ ಹೇಳಿದ ಮೇಲೆ ಮನೆಯಲ್ಲಿ ನಾವು ಅದನ್ನು ತಮಾಷೆ ಅಂತ ನಗುವುದು ಬೇಡ.

ನಿನ್ನ ಮಗನನ್ನೂ ಒಂದು ಸಂಜೆ ಕೂರಿಸಿ ಕೇಳು. 'ನಂದೇನೂ ಇಲ್ಲ, ಅಮ್ಮ ಹೇಳಿದ ಹಾಗೆ' ಅಂತ ಅವನು ಜಾರಿಕೊಳ್ಳುತ್ತಾನೆ. ಆದರೆ ಫೋನಿನಲ್ಲಿ ಬರುವ ಫೋಟೊಗಳನ್ನು ಒಂದೊಂದು ಕ್ಷಣ ನೋಡಿ ಸರಿಸುವವನೂ ಅವನೇ. ಯಾರನ್ನು ಯಾಕೆ ಬೇಡ ಅಂದೆ ಅಂತ ಮೂರು ಫೋಟೊಗಳಿಗೆ ಕಾರಣ ಹೇಳಿಸು. ಬಾಯಿಬಿಟ್ಟು ಹೇಳಬೇಕಾದಾಗ ಅವನಿಗೇ ಕೇಳಿಸುತ್ತದೆ.

ಕೊನೆಗೆ ನಿನ್ನ ಅತ್ತೆ. ಅವರ ಮೇಲೆ ಸಿಟ್ಟಾಗಬೇಡ. ಅವರ ಮದುವೆಯಲ್ಲೂ ಬಣ್ಣ ಕಡಿಮೆ ಅಂತ ಗಂಡಿನ ಕಡೆಯವರು ಅವರಪ್ಪನ ಕೈಯಿಂದ ಒಂದು ಜೊತೆ ಬಳೆ ಹೆಚ್ಚಿಗೆ ಹಾಕಿಸಿಕೊಂಡಿದ್ದರು, ಅದನ್ನು ಅವರೇ ನನಗೆ ಹೇಳಿದ್ದು. ಮೊಮ್ಮಗಳಿಗೂ ಹಾಗಾದೀತು ಅನ್ನುವ ಭಯದಿಂದಲೇ ಅವರು ಅರಿಶಿನ, ಕೆನೆ ಅಂತ ಬೆನ್ನು ಹತ್ತುತ್ತಾರೆ. ಅವಳಿಲ್ಲದ ಹೊತ್ತು ನೋಡಿ, ಅವರು ಮಧ್ಯಾಹ್ನ ಹೂ ಕಟ್ಟುತ್ತಾ ಕೂತಿರುವಾಗ ಪಕ್ಕದಲ್ಲಿ ಕೂತು ಮಾತಾಡು. 'ಅತ್ತೆ, ಅವಳ ಮುಂದೆ ಬಣ್ಣದ ಸುದ್ದಿ ಬೇಡ, ಕ್ರೀಮ್ ಹಚ್ಚಿ ಮುಖ ಸುಟ್ಟುಕೊಂಡಿದ್ದಾಳೆ' ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳು. ಹಳೇ ಬಾಯಿ, ಅಭ್ಯಾಸ ಬಲದಿಂದ ಮತ್ತೆ ಅಂದಾರು. ಆಗ ಜಗಳ ತೆಗೆಯಬೇಡ, ಸುಮ್ಮನೂ ಇರಬೇಡ. ಮಗಳು ಎದುರಿಗಿರುವಾಗಲೇ, ಅವಳಿಗೆ ಕೇಳಿಸುವ ಹಾಗೆ 'ಅವಳ ಬಣ್ಣ ಚೆನ್ನಾಗಿದೆ ಅತ್ತೆ' ಅಂತ ಅಂದು ನಿನ್ನ ಕೆಲಸ ಮುಂದುವರಿಸು. ಅಷ್ಟು ಸಾಕು, ಆದರೆ ಪ್ರತಿ ಸಲವೂ ಹೇಳಬೇಕು.

ಜಾಹೀರಾತಿಗೆ ಅವಸರವಿಲ್ಲ, ಒಂದು ವಾರ ತಡವಾದರೂ ಆದೀತು. ಮೊದಲು ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಾ. ಅವರು ಏನಂದರು ಅಂತ ಫೋನ್ ಮಾಡು, ಸಂಜೆ ಆರರ ಮೇಲಾದರೆ ನಾನು ಮನೆಯಲ್ಲೇ ಇರುತ್ತೇನೆ.